ಪೋಲ್‌ನಲ್ಲಿ ಗೆದ್ದ ವಿಷಯ, ವಿಡಿಯೋ ಮಾಡಿದ್ಮೇಲೆ ಯಾಕೆ ಸೋಲುತ್ತೆ?

ಕಬ್ಬಿನಗದ್ದೆ_ಪಾಂಡವಪುರ

ಎಲ್ರಿಗೂ ನಮಸ್ಕಾರ. ನಮ್ದು ಕಬ್ಬು, ಭತ್ತದ ಬಗ್ಗೆ ಮಾತಾಡೋ ಯೂಟ್ಯೂಬ್ ಚಾನೆಲ್. 3,800 ಸಬ್‌ಸ್ಕ್ರೈಬರ್ ಇದ್ದಾರೆ. ಹದಿನೈದು ದಿನಕ್ಕೊಂದು ವಿಡಿಯೋ ಬರುತ್ತೆ, ಗದ್ದೆ ಕೆಲಸ ನೋಡ್ಕೊಂಡು ಅದಕ್ಕಿಂತ ಬೇಗ ಆಗಲ್ಲ. ಮಧ್ಯದಲ್ಲಿ ಚಾನೆಲ್ ಕಡೆ ಯಾರೂ ತಿರುಗಿ ನೋಡಲ್ಲ ಅಂತ ಒಂದು ಪೋಲ್ ಹಾಕಿದ್ವಿ. ಪ್ರಶ್ನೆ: "ಮುಂದಿನ ವಿಡಿಯೋ ಯಾವುದರ ಬಗ್ಗೆ ಬೇಕು?"

ಎಕರೆಗೆ 100 ಟನ್ ಇಳುವರಿ: 27 ವೋಟು
ಕೂಳೆ ಸವರುವ ವಿಧಾನ: 15
ಕೂಳೆ ಕಬ್ಬಿಗೆ ಗೊಬ್ಬರ: 13
ಗೊಣ್ಣೆ ಹುಳು ಹತೋಟಿ: 9

ಒಟ್ಟು 64. ಕೂಳೆ ಅಂದ್ರೆ ಕಟಾವಾದ ಮೇಲೆ ಅದೇ ಬುಡದಿಂದ ಮತ್ತೆ ಚಿಗುರೋ ಕಬ್ಬು. ಜನ ಕೇಳಿದ್ದನ್ನೇ ಕೊಡೋಣ ಅಂತ 100 ಟನ್ ಇಳುವರಿ ಬಗ್ಗೆ ವಿಡಿಯೋ ಮಾಡಿದ್ವಿ. ಮಾಮೂಲಿ ಮೊದಲ ವಾರಕ್ಕೆ 900 ವ್ಯೂಸ್ ಹತ್ರ ಬರ್ತಿತ್ತು. ಇದಕ್ಕೆ 520. ಅದೂ 11 ನಿಮಿಷದ ವಿಡಿಯೋದಲ್ಲಿ ಎರಡನೇ ನಿಮಿಷಕ್ಕೇ ಅರ್ಧಕ್ಕರ್ಧ ಜನ ಎದ್ದು ಹೋಗಿದ್ದಾರೆ. ಹಂಗಾದ್ರೆ ಪೋಲ್ ನಂಬಬೇಕಾ, ಬೇಡ್ವಾ? ವಿಡಿಯೋ ಇಲ್ಲದ ಆ ಹದಿನೈದು ದಿನ ಏನೇನು ಹಾಕಬೇಕು, ಅದನ್ನೂ ಗೊತ್ತಿರೋರು ಹೇಳಿ.

ಮದ್ದೂರ್_ವಡೆ

ಅಣ್ಣಾ, 64 ವೋಟು ಅಂದ್ರೆ ಏನೂ ಅಲ್ಲ. ದಿನಾ ಒಂದು ಪೋಲ್ ಹಾಕ್ತಾ ಬನ್ನಿ, ಆಲ್ಗರಿದಮ್‌ಗೆ ಚಾನೆಲ್ ಜೀವಂತ ಇದೆ ಅಂತ ಗೊತ್ತಾಗುತ್ತೆ, ವಿಡಿಯೋನ ತಾನೇ ತಳ್ಳುತ್ತೆ. ಪೋಸ್ಟ್ ಹಾಕದೆ ಆರು ತಿಂಗಳು ಬಿಟ್ರೆ ದುಡ್ಡು ಬರೋದನ್ನೂ ನಿಲ್ಲಿಸ್ತಾರೆ. ಅಂದಹಾಗೆ 500 ಸಬ್‌ಸ್ಕ್ರೈಬರ್ ಇಲ್ಲದೋರಿಗೆ ಈ ಪೋಸ್ಟ್ ಆಯ್ಕೆನೇ ಸಿಗಲ್ಲ, ನಿಮಗೆ ಸಿಕ್ಕಿದೆ, ಬಳಸ್ಕೊಳ್ಳಿ.

ಒಂಟಿಕೊಪ್ಪಲ್_ಎಡಿಟರ್

ವಡೆ ಅವರು ಹೇಳಿದ್ದರಲ್ಲಿ ಅರ್ಧ ಸರಿ. 500ರ ಲೆಕ್ಕ 2021ರದ್ದು. ಈಗ ಸಬ್‌ಸ್ಕ್ರೈಬರ್ ಸಂಖ್ಯೆ ನೋಡಲ್ಲ. ಚಾನೆಲ್‌ಗೆ Advanced features ತೆರೆದಿರಬೇಕು, ಅಂದ್ರೆ ಫೋನ್ ನಂಬರ್ ಪರಿಶೀಲನೆ ಮುಗಿಸಿ, ಆಮೇಲೆ ಗುರುತಿನ ಚೀಟಿ ಅಥವಾ ವಿಡಿಯೋ ಕೊಟ್ಟು ಖಚಿತಪಡಿಸಬೇಕು, ಇಲ್ಲವೇ ಚಾನೆಲ್ ಒಂದಷ್ಟು ಕಾಲ ನೇರವಾಗಿ ನಡೆದಿರಬೇಕು. ಆರು ತಿಂಗಳ ಮಾತೂ ಪೂರ್ತಿ ಹಂಗಲ್ಲ. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ವಿಡಿಯೋನೂ ಇಲ್ಲ, ಪೋಸ್ಟೂ ಇಲ್ಲ ಅಂದ್ರೆ ಹಣ ಗಳಿಕೆ ನಿಲ್ಲಿಸುವ ಅಧಿಕಾರ ಯೂಟ್ಯೂಬ್ ಇಟ್ಕೊಂಡಿದೆ. ಹದಿನೈದು ದಿನಕ್ಕೊಂದು ವಿಡಿಯೋ ಹಾಕೋರು ಅದಕ್ಕೆ ಹೆದರಬೇಕಿಲ್ಲ.

ಈಗ ಪಾಂಡವಪುರದವರ ಪೋಲ್‌ಗೆ ಬರೋಣ. ಪೋಲ್ ಸುಳ್ಳು ಹೇಳಿಲ್ಲ. ಕೇಳಿದ ರೀತಿ ಸರಿ ಇಲ್ಲ.

ಮೊದಲು ಆ ನಾಲ್ಕು ಆಯ್ಕೆಗಳನ್ನ ಇನ್ನೊಮ್ಮೆ ಓದಿ. 100 ಟನ್ ಇಳುವರಿ ಅನ್ನೋದು ಆಸೆ. ಉಳಿದ ಮೂರು ಕೆಲಸ. ಕಬ್ಬು ಬೆಳೆಯೋ ಯಾರಿಗೆ 100 ಟನ್ ಬೇಡ? ಮೂರು ಎಕರೆಯವನೂ ಒತ್ತುತ್ತಾನೆ, ಬೆಂಗಳೂರಲ್ಲಿ ಕೂತು ಊರಿನ ಜಮೀನು ನೆನೆಸಿಕೊಳ್ಳೋನೂ ಒತ್ತುತ್ತಾನೆ. ಒತ್ತೋಕೆ ಅರ್ಧ ಸೆಕೆಂಡ್ ಸಾಕು, 11 ನಿಮಿಷ ಕೂತು ನೋಡೋಕೆ ಕಾರಣ ಬೇಕು. ಗೊಣ್ಣೆ ಹುಳು ಅಂತ ಒತ್ತಿದ 9 ಜನರ ಗದ್ದೆಯಲ್ಲಿ ಕಬ್ಬು ಒಣಗ್ತಾ ಇದೆ, ಅವರು ಕೊನೇವರೆಗೂ ನೋಡ್ತಾರೆ, ಅಕ್ಕಪಕ್ಕದವರಿಗೂ ಕಳಿಸ್ತಾರೆ. ಆಸೆಯ ಆಯ್ಕೆ ಮತ್ತು ಕೆಲಸದ ಆಯ್ಕೆ ಒಂದೇ ಪೋಲ್‌ನಲ್ಲಿ ಬಂದ್ರೆ ಆಸೆ ಗೆಲ್ಲೋದೇ ಹೆಚ್ಚು.

ಎರಡನೇದು ವೋಟು ಒಡೆದದ್ದು. ಕೂಳೆ ಸವರೋದಕ್ಕೆ 15, ಕೂಳೆ ಗೊಬ್ಬರಕ್ಕೆ 13. ಎರಡೂ ಕೂಳೆಯೇ. ಕೂಡಿಸಿದ್ರೆ 28, ಅಂದ್ರೆ ಗೆದ್ದದ್ದಕ್ಕಿಂತ ಒಂದು ಹೆಚ್ಚು. ಒಂದೇ ಮನೆಯ ಇಬ್ಬರು ಪಂಚಾಯ್ತಿ ಚುನಾವಣೆಗೆ ನಿಂತು ಮೂರನೆಯವನನ್ನ ಗೆಲ್ಲಿಸಿದ ಹಾಗಾಯ್ತು. ನಿಮ್ಮ ವೀಕ್ಷಕರು ಕೂಳೆ ಬಗ್ಗೆ ಕೇಳ್ತಿದ್ರು, ಆ ಪ್ರಶ್ನೆ ಎರಡು ಸಾಲಲ್ಲಿ ಹಂಚಿಹೋಗಿ ನಿಮಗೆ ಕಾಣಿಸಲಿಲ್ಲ.

ಕಾಮೆಂಟ್ ಎಷ್ಟು ಬಂದಿದ್ವು? ಅದರಲ್ಲಿ ಏನಿತ್ತು? ಪೋಸ್ಟ್‌ಗೆ ಇಂಪ್ರೆಷನ್ ಎಷ್ಟು? ಇವೆರಡು ಹೇಳಿ, ಮುಂದೆ ನೋಡೋಣ.

ರಾಗಿಮುದ್ದೆ_ಅಡುಗೆಮನೆ

ನಮ್ಮ ಅಡುಗೆ ಪೇಜಿನಲ್ಲಿ ಸ್ಟೋರಿ ಹಾಕಿ ಪೋಲ್ ಇಡ್ತೀವಿ. ಬಸ್ಸಾರಾ ಉಪ್ಸಾರಾ ಅಂತ ಕೇಳಿದ್ರೆ ಇನ್ನೂರು ಮುನ್ನೂರು ವೋಟು ಬೀಳುತ್ತೆ. ಯಾರ್ಯಾರು ಏನೇನು ಒತ್ತಿದ್ರು ಅಂತ ಹೆಸರೂ ಕಾಣುತ್ತೆ, ಬೇಕಾದ್ರೆ ಮೆಸೇಜ್ ಮಾಡಿ ಕೇಳಬಹುದು. ನೀವೂ ಹಂಗೇ ಮಾಡಿ ಅಣ್ಣ, 24 ಗಂಟೆಯಲ್ಲಿ ತಾನೇ ಹೋಗುತ್ತೆ, ತಲೆನೋವಿಲ್ಲ.

ಒಂಟಿಕೊಪ್ಪಲ್_ಎಡಿಟರ್

ಅಕ್ಕ, ನೀವು ಹೇಳ್ತಿರೋದು ಇನ್‌ಸ್ಟಾಗ್ರಾಮ್ ಸ್ಟೋರಿ. ಇವರ ಪ್ರಶ್ನೆ ಯೂಟ್ಯೂಬ್ ಪೋಸ್ಟ್‌ನದ್ದು. ಎರಡರ ಸ್ವಭಾವ ಬೇರೆ. ಯೂಟ್ಯೂಬ್ ಪೋಲ್‌ನಲ್ಲಿ ಯಾರು ಒತ್ತಿದ್ರು ಅಂತ ಹೆಸರು ಕಾಣಲ್ಲ, ಎಷ್ಟು ವೋಟು ಅಂತಷ್ಟೇ. ಒತ್ತಿದವರು ಸಬ್‌ಸ್ಕ್ರೈಬರ್ರೋ, ದಾರಿಹೋಕರೋ ಅಂತಲೂ ಬೇರೆ ಮಾಡಿ ತೋರಿಸಲ್ಲ, ಯಾಕಂದ್ರೆ ಪೋಸ್ಟ್ ಹೋಮ್ ಪುಟದಲ್ಲಿ ಸಬ್‌ಸ್ಕ್ರೈಬ್ ಆಗದವರಿಗೂ ಬರುತ್ತೆ. ಮತ್ತೆ ಅದು 24 ಗಂಟೆಗೆ ತಾನಾಗಿ ಹೋಗಲ್ಲ. ವೋಟು ಬೀಳ್ತಾನೇ ಇರುತ್ತೆ. ಅದಕ್ಕೇ ಪೋಸ್ಟ್‌ನ ಬರಹದಲ್ಲೇ "ಭಾನುವಾರ ರಾತ್ರಿವರೆಗೆ" ಅಂತ ನಾವೇ ಬರೀಬೇಕು, ಆ ಹೊತ್ತಿಗೆ ಫಲಿತಾಂಶದ ಸ್ಕ್ರೀನ್‌ಶಾಟ್ ತೆಗೆದಿಟ್ಕೋಬೇಕು.

ರಾಗಿಮುದ್ದೆ_ಅಡುಗೆಮನೆ

ಓಹ್, ಸರಿ. ಹೆಸರು ಕಾಣಲ್ಲ ಅಂದ್ರೆ ಅರ್ಧ ಮಜಾನೇ ಹೋಯ್ತಲ್ಲ.

ಕಬ್ಬಿನಗದ್ದೆ_ಪಾಂಡವಪುರ

ಸರ್, ಕೂಳೆ ಎರಡನ್ನೂ ಕೂಡಿಸಿ ನೋಡೋದು ಹೊಳೆದೇ ಇರಲಿಲ್ಲ. ಇಂಪ್ರೆಷನ್ 1,150 ಅಂತ ತೋರಿಸ್ತಿದೆ. ಕಾಮೆಂಟ್ 11. ಅದರಲ್ಲಿ 6 ಜನ ಬೇರೆ ಬೇರೆ ಮಾತಲ್ಲಿ ಒಂದೇ ಕೇಳಿದ್ದಾರೆ: "ಕೂಳೆ ಹಳದಿ ತಿರುಗ್ತಾ ಇದೆ, ಏನು ಮಾಡೋದು?" ಇಬ್ಬರು "ಸೂಪರ್ ಸಾರ್". ಒಬ್ಬರು ಟ್ರ್ಯಾಕ್ಟರ್ ಮಾರಾಟಕ್ಕಿದೆ ಅಂತ ನಂಬರ್ ಹಾಕಿದ್ದಾರೆ. ಉಳಿದಿಬ್ಬರು ಫ್ಯಾಕ್ಟರಿ ಬಾಕಿ ದುಡ್ಡಿನ ಬಗ್ಗೆ.

ಒಂಟಿಕೊಪ್ಪಲ್_ಎಡಿಟರ್

ನೋಡಿ, ಉತ್ತರ ಅಲ್ಲೇ ಇದೆ. 1,150 ಸಲ ಕಾಣಿಸಿ 64 ವೋಟು ಅಂದ್ರೆ ನೂರಕ್ಕೆ ಐದೂವರೆ. ಒಬ್ಬರಿಗೇ ಎರಡು ಸಲ ಕಂಡಿದ್ರೂ ಅದು ಎರಡು ಇಂಪ್ರೆಷನ್, ಹಾಗಾಗಿ ಇದನ್ನ ಜನರ ಲೆಕ್ಕ ಅಂತ ತಿಳೀಬೇಡಿ. ಬೇರೆಯವರ ಚಾನೆಲ್ ಜೊತೆಗೂ ಹೋಲಿಸಬೇಡಿ, ನಿಮ್ಮದೇ ಹಿಂದಿನ ಪೋಲ್ ಜೊತೆ ಹೋಲಿಸಿ. ಈ ಪ್ರಮಾಣ ಇಳೀತಾ ಬಂದ್ರೆ ಪ್ರಶ್ನೆ ಜನರಿಗೆ ತಾಕ್ತಿಲ್ಲ. ಪ್ರಮಾಣ ಅಷ್ಟೇ ಇದ್ದು ಇಂಪ್ರೆಷನ್ ಮಾತ್ರ ಇಳಿದ್ರೆ ಪ್ರಶ್ನೆ ಸರಿ ಇದೆ, ತೋರಿಸೋದು ಕಡಿಮೆಯಾಗಿದೆ. ಎರಡಕ್ಕೂ ಮದ್ದು ಬೇರೆ. ಇದೆಲ್ಲ ಸ್ಟುಡಿಯೋದಲ್ಲಿ Analytics ಒಳಗೆ Content, ಅದರಲ್ಲಿ Posts ಅಂತ ಇರೋ ಕಡೆ ಸಿಗುತ್ತೆ.

ಆದರೆ ಆ ಆರು ಕಾಮೆಂಟಿಗೆ ಅರವತ್ನಾಲ್ಕು ವೋಟಿಗಿಂತ ತೂಕ ಜಾಸ್ತಿ. ವೋಟು ಒತ್ತೋರು ನೀವು ಕೊಟ್ಟ ನಾಲ್ಕರಲ್ಲಿ ಒಂದನ್ನ ಆರಿಸ್ತಾರೆ. ಕಾಮೆಂಟ್ ಬರೆಯೋರು ನೀವು ಕೊಡದೇ ಇದ್ದದ್ದನ್ನ ಹೇಳ್ತಾರೆ. "ಕೂಳೆ ಹಳದಿ" ಅನ್ನೋದು ನಿಮ್ಮ ಪಟ್ಟಿಯಲ್ಲೇ ಇರಲಿಲ್ಲ. ಅದೇ ಮುಂದಿನ ವಿಡಿಯೋ. ಶೀರ್ಷಿಕೆಯನ್ನೂ ಅವರ ಮಾತಲ್ಲೇ ಇಡಿ, "ಕೂಳೆ ಬೆಳೆಯಲ್ಲಿ ಕಬ್ಬಿಣಾಂಶದ ಕೊರತೆ" ಅಂತ ಪುಸ್ತಕದ ಹೆಸರು ಬೇಡ. ಒಳಗೆ ಅದನ್ನೇ ಹೇಳಿ, ಹೊರಗೆ "ಕೂಳೆ ಹಳದಿ ತಿರುಗಿದ್ರೆ" ಅಂತಿರಲಿ. ಯೂಟ್ಯೂಬ್‌ನಲ್ಲಿ ಹುಡುಕೋರು ಹಂಗೇ ಟೈಪ್ ಮಾಡೋದು.

ಮಳವಳ್ಳಿ_ಮಳೆಬೆಳೆ

ಒಂದು ಮಾತು. ಗೊಣ್ಣೆ ಹುಳುಗೆ 9 ವೋಟು ಅಂತ ಅದನ್ನ ಕೈ ಬಿಡಬೇಡಿ ಸ್ವಾಮಿ. ನಾಲೆ ನೀರು ಚೆನ್ನಾಗಿ ನಿಲ್ಲೋ ಕಡೆ ಅದರ ಕಾಟ ಕಡಿಮೆ. ನಮ್ಮಂಥ ಹಗುರ ಮಣ್ಣಿನ, ಮಳೆ ನಂಬಿದ ಕಡೆ ಅದೇ ದೊಡ್ಡ ಸಮಸ್ಯೆ. ನಿಮ್ಮ ವೀಕ್ಷಕರು ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯವರೇ ಆದ್ರೆ 9 ಬರೋದು ಸಹಜ. ಇನ್ನೊಂದು ವಿಷಯ, ಈ ಹುಳುವಿನ ದುಂಬಿ ಹೊರಗೆ ಬರೋದು ಮುಂಗಾರಿನ ಮೊದಲ ಮಳೆಗೆ, ಅದರ ಮರಿಹುಳು ಬೇರು ತಿನ್ನೋದು ಆಮೇಲಿನ ತಿಂಗಳುಗಳಲ್ಲಿ. ಜನವರಿಯಲ್ಲಿ ಕೇಳಿದ್ರೆ ಯಾರೂ ಒತ್ತಲ್ಲ, ಆಗಸ್ಟಲ್ಲಿ ಕೇಳಿ ನೋಡಿ.

ಒಂಟಿಕೊಪ್ಪಲ್_ಎಡಿಟರ್

ಇದು ಬಹಳ ಮುಖ್ಯ. ಪೋಲ್ ಹೇಳೋದು ಆ ವಾರದ ಮಾತು. ಬೇಸಾಯದ ಚಾನೆಲ್‌ಗಂತೂ ಇವತ್ತು ಕೇಳಿ, ಶೂಟ್ ಮಾಡಿ, ಎಡಿಟ್ ಮುಗಿಸಿ ಹಾಕೋ ಹೊತ್ತಿಗೆ ಇಪ್ಪತ್ತು ದಿನ ಆದ್ರೆ ಬೆಳೆ ಮುಂದಿನ ಹಂತಕ್ಕೆ ಹೋಗಿರುತ್ತೆ. ದುಂಬಿ ಕೊಲ್ಲೋ ವಿಡಿಯೋ ಹುಳು ಬೇರು ತಿಂದ ಮೇಲೆ ಬಂದ್ರೆ ಯಾರಿಗೆ ಬೇಕು? ವಿಡಿಯೋ ಹಾಕೋ ದಿನಕ್ಕೆ ಜನರ ಗದ್ದೆ ಹೇಗಿರುತ್ತೆ ಅಂತ ಲೆಕ್ಕ ಹಾಕಿ ಪೋಲ್ ಬರೀಬೇಕು.

ಅದಕ್ಕೇ "ಯಾವ ವಿಡಿಯೋ ಬೇಕು" ಅಂತ ಕೇಳೋದನ್ನೇ ಬಿಡಿ ಅಂತೀನಿ. ಜನರಿಗೆ ವಿಡಿಯೋ ಮಾಡೋ ಕೆಲಸ ಗೊತ್ತಿಲ್ಲ, ಅವರ ಗದ್ದೆ ಗೊತ್ತು. ಗದ್ದೆ ಬಗ್ಗೆ ಕೇಳಿ. ಉದಾಹರಣೆಗೆ:

"ನಿಮ್ಮ ಕೂಳೆ ಕಬ್ಬು ಈಗ ಯಾವ ಹಂತದಲ್ಲಿದೆ?"
ಕಟಾವಾಗಿ ಹದಿನೈದು ದಿನದೊಳಗೆ
ಒಂದರಿಂದ ಎರಡು ತಿಂಗಳು
ಮೂರು ತಿಂಗಳು ದಾಟಿದೆ
ಕೂಳೆ ಬಿಟ್ಟಿಲ್ಲ, ಹೊಸ ನಾಟಿ
ನಾನು ಕಬ್ಬು ಬೆಳೆಯಲ್ಲ, ನೋಡೋಕೆ ಬಂದೆ

ಬರೀ ಪಠ್ಯದ ಪೋಲ್‌ಗೆ ಐದು ಆಯ್ಕೆ ಕೊಡಬಹುದು, ಐದೂ ಬಳಸಿದ್ದೀನಿ. ಕೊನೆಯದು ತಮಾಷೆಗೆ ಹಾಕಿದ್ದಲ್ಲ. ಅದಿಲ್ಲದಿದ್ರೆ ಕಬ್ಬೇ ಇಲ್ಲದವರು ಫಲಿತಾಂಶ ನೋಡೋ ಕುತೂಹಲಕ್ಕೆ ಯಾವುದೋ ಒಂದು ಒತ್ತುತ್ತಾರೆ, ಯಾಕಂದ್ರೆ ಒತ್ತದೆ ಶೇಕಡಾ ಕಾಣಲ್ಲ. ಅವರಿಗೆ ಒಂದು ಜಾಗ ಕೊಟ್ರೆ ಉಳಿದ ನಾಲ್ಕರಲ್ಲಿ ಕಲಬೆರಕೆ ಕಡಿಮೆ ಆಗುತ್ತೆ. ಇಲ್ಲಿ ಹೆಚ್ಚು ವೋಟು ಮೊದಲ ಸಾಲಿಗೆ ಬಂದ್ರೆ ಕೂಳೆ ಸವರೋದು, ಚಿಗುರದೆ ಖಾಲಿ ಬಿದ್ದ ಜಾಗ ತುಂಬೋದು ಈಗಲೇ ಬೇಕು. ಎರಡನೇದಕ್ಕೆ ಬಂದ್ರೆ ಗೊಬ್ಬರ ಮತ್ತು ಹಳದಿ. ಮೂರನೇದಾದ್ರೆ ಮಣ್ಣು ಏರಿಸೋದು. ಜನ ಆರಿಸೋದು ಹಂತವನ್ನ, ವಿಷಯ ಆರಿಸೋದು ನೀವು. ಆಸೆಗೆ ಇಲ್ಲಿ ಜಾಗವೇ ಇಲ್ಲ, ಹಂತಗಳೂ ಒಂದರ ಮೇಲೊಂದು ಬೀಳಲ್ಲ, ಹಾಗಾಗಿ ವೋಟು ಒಡೆಯೋ ತೊಂದರೆಯೂ ಇಲ್ಲ.

ಕುವೆಂಪುನಗರ_ಗಣಿತ

ನಾನು ಎಸ್ಸೆಸ್ಸೆಲ್ಸಿ ಗಣಿತ ಹೇಳಿಕೊಡುವ ಚಾನೆಲ್ ನಡೆಸುತ್ತೇನೆ. ಪೋಲ್ ಬದಲು ಕ್ವಿಜ್ ಪೋಸ್ಟ್ ಬಳಸಿ ನೋಡಿ ಎಂದು ಸಲಹೆ. ಅದರಲ್ಲಿ ನಾಲ್ಕು ಆಯ್ಕೆ, ಒಂದನ್ನು ಸರಿ ಉತ್ತರ ಎಂದು ಗುರುತಿಸಬೇಕು, ಕೆಳಗೆ ವಿವರಣೆಯನ್ನೂ ಬರೆಯಬಹುದು.

ವಿದ್ಯಾರ್ಥಿಗಳನ್ನು "ಯಾವ ಪಾಠ ಕಷ್ಟ?" ಎಂದು ಕೇಳಿದರೆ ಎಲ್ಲರೂ ತ್ರಿಕೋನಮಿತಿ ಎನ್ನುತ್ತಾರೆ. ಅದು ಪ್ರಯೋಜನವಿಲ್ಲದ ಉತ್ತರ. ಬದಲಿಗೆ x² − 5x + 6 = 0 ಇದರ ಮೂಲಗಳು ಯಾವುವು ಎಂದು ಕ್ವಿಜ್ ಇಡುತ್ತೇನೆ. ಸರಿ ಉತ್ತರ 2, 3. ತಪ್ಪು ಆಯ್ಕೆಗಳನ್ನು ಮನಸ್ಸಿಗೆ ಬಂದಂತೆ ಹಾಕಬಾರದು. −2, −3 ಆರಿಸಿದವರು ಅಪವರ್ತನ ಸರಿಯಾಗಿ ಮಾಡಿ, ಚಿಹ್ನೆಯಲ್ಲಿ ಎಡವಿದ್ದಾರೆ. 1, 6 ಆರಿಸಿದವರು ಗುಣಲಬ್ಧ ಮಾತ್ರ ನೋಡಿದ್ದಾರೆ, ಮೊತ್ತ ನೋಡಿಲ್ಲ. 5, 6 ಎಂದವರಿಗೆ ಸಹಗುಣಕ ಯಾವುದು, ಮೂಲ ಯಾವುದು ಎಂಬುದೇ ಗೊತ್ತಿಲ್ಲ. ಯಾವ ತಪ್ಪಿಗೆ ಹೆಚ್ಚು ಜನ ಬಿದ್ದರೋ ಅದೇ ಮುಂದಿನ ಪಾಠ. ಕಬ್ಬಿಗೂ ಇದು ಒಗ್ಗುತ್ತದೆ. ಎಲೆಯ ಚಿತ್ರ ಹಾಕಿ "ಇದು ಏನಿರಬಹುದು?" ಎಂದು ಕೇಳಬಹುದಲ್ಲ?

ಕಬ್ಬಿನಗದ್ದೆ_ಪಾಂಡವಪುರ

ಮೇಷ್ಟ್ರೇ, ಇದು ಚೆನ್ನಾಗಿದೆ. ಆದ್ರೆ ರೈತರಿಗೆ "ತಪ್ಪು ಉತ್ತರ" ಅಂತ ತೋರಿಸಿದ್ರೆ ಬೇಜಾರು ಮಾಡ್ಕೊಳ್ಳಲ್ವಾ? ನಲವತ್ತು ವರ್ಷ ಕಬ್ಬು ಬೆಳೆದೋರು ಇದ್ದಾರೆ.

ಮಳವಳ್ಳಿ_ಮಳೆಬೆಳೆ

ಬೇಜಾರು ಅಷ್ಟೇ ಅಲ್ಲ, ನಿಮ್ಮ ಉತ್ತರವೇ ತಪ್ಪು ಅಂತ ಕಾಮೆಂಟಲ್ಲಿ ಹಿಡ್ಕೊಂಡು ಬಿಡ್ತಾರೆ. ಒಂದು ಎಲೆ ನೋಡಿ ಹಳದಿಗೆ ಕಾರಣ ಹೇಳೋಕೂ ಆಗಲ್ಲ. ಎಳೇ ಎಲೆ ಬಿಳಿಚಿದ್ಯಾ, ಹಳೇ ಎಲೆನಾ, ನೀರು ನಿಂತಿತ್ತಾ, ಎಲ್ಲ ನೋಡಬೇಕು. ಗಣಿತಕ್ಕೆ ಉತ್ತರ ಒಂದೇ, ಗದ್ದೆಗೆ ಹಂಗಿಲ್ಲ.

ಕುವೆಂಪುನಗರ_ಗಣಿತ

ಒಪ್ಪುತ್ತೇನೆ. ಒಂದೇ ಉತ್ತರ ಇರುವ ಕಡೆ ಮಾತ್ರ ಕ್ವಿಜ್. ಹಾಗಾದರೆ "ಎಳೆಯ ಎಲೆಯೋ, ಹಳೆಯ ಎಲೆಯೋ?" ಎಂದು ಪೋಲ್‌ನಲ್ಲೇ ಕೇಳಿ. ಯಾರದ್ದೂ ತಪ್ಪಾಗುವುದಿಲ್ಲ, ನಿಮಗೆ ವಿಷಯ ಸಿಗುತ್ತದೆ.

ಅಜ್ಜಿಕತೆ_ಮೈಸೂರು

ಮಧ್ಯೆ ಬಂದೆ, ಕ್ಷಮಿಸಿ. ನಮ್ದು ಮಕ್ಕಳ ಕತೆ ಚಾನೆಲ್. ಪೋಸ್ಟ್ ಹಾಕೋ ಆಯ್ಕೆನೇ ಕಾಣ್ತಿಲ್ಲ. ಪರಿಶೀಲನೆ ಎಲ್ಲ ಮುಗಿದಿದೆ.

ಒಂಟಿಕೊಪ್ಪಲ್_ಎಡಿಟರ್

ಇಡೀ ಚಾನೆಲ್ಲನ್ನ Made for kids ಅಂತ ಇಟ್ಟಿರ್ತೀರಿ ಮೇಡಂ. ಹಾಗಿಟ್ರೆ ಪೋಸ್ಟ್ ಸಿಗಲ್ಲ. ನಿಜವಾಗ್ಲೂ ಮಕ್ಕಳಿಗಾಗಿ ಮಾಡಿದ ಚಾನೆಲ್ ಆಗಿದ್ರೆ ಪೋಸ್ಟಿನ ಆಸೆಗೆ ಅದನ್ನ ಬದಲಾಯಿಸೋದೂ ಸರಿಯಲ್ಲ, ನಿಯಮ ಮುರಿದ ಹಾಗಾಗುತ್ತೆ.

ಅಜ್ಜಿಕತೆ_ಮೈಸೂರು

ಗೊತ್ತಾಯ್ತು ಸರ್. ಹಂಗಾದ್ರೆ ಅಪ್ಪ ಅಮ್ಮಂದಿರ ವಾಟ್ಸಾಪ್ ಗ್ರೂಪಲ್ಲೇ ಕೇಳ್ತೀನಿ.

ಕಬ್ಬಿನಗದ್ದೆ_ಪಾಂಡವಪುರ

ವಾಟ್ಸಾಪ್ ಅಂದಿದ್ದಕ್ಕೆ ನೆನಪಾಯ್ತು. ಪೋಲ್ ಲಿಂಕನ್ನ ನಮ್ಮ ಊರಿನ ಗ್ರೂಪಿಗೆ ಹಾಕಿ ವೋಟು ಜಾಸ್ತಿ ಮಾಡ್ಕೋಬಹುದಾ? ಮತ್ತೆ ಯಾವ ಹೊತ್ತಲ್ಲಿ, ಎಷ್ಟು ಪೋಸ್ಟ್?

ಒಂಟಿಕೊಪ್ಪಲ್_ಎಡಿಟರ್

ಊರಿನ ಗ್ರೂಪಿಗೆ ಹಾಕಬೇಡಿ. ವೋಟು ಏರುತ್ತೆ, ಅರ್ಥ ಇಳಿಯುತ್ತೆ. ನೆಂಟರು, ಸ್ನೇಹಿತರು ನಿಮಗೆ ಖುಷಿಯಾಗಲಿ ಅಂತ ಒತ್ತುತ್ತಾರೆ. ನಿಮಗೆ ಬೇಕಿರೋದು ನಿಮ್ಮ ವಿಡಿಯೋ ನೋಡಿ ಬಂದವರ ಮಾತು.

ಹೊತ್ತಿಗೆ ಸ್ಟುಡಿಯೋದ Audience ಪುಟದಲ್ಲಿ ನೇರಳೆ ಪಟ್ಟೆಗಳ ಚಿತ್ರ ಇದೆ, ನಿಮ್ಮ ವೀಕ್ಷಕರು ಯೂಟ್ಯೂಬ್‌ನಲ್ಲಿ ಇರೋ ಸಮಯ ತೋರಿಸುತ್ತೆ. ಬಣ್ಣ ದಟ್ಟ ಇರೋ ಹೊತ್ತಿಗೆ ಒಂದು ಗಂಟೆ ಮೊದಲು ಹಾಕಿ. ಬೇಸಾಯದ ಚಾನೆಲ್‌ಗಳಲ್ಲಿ ಸಾಮಾನ್ಯವಾಗಿ ರಾತ್ರಿ ಊಟದ ಹೊತ್ತು ದಟ್ಟವಾಗಿರುತ್ತೆ, ಜೊತೆಗೆ ಕೆಲವೊಮ್ಮೆ ನಡುರಾತ್ರಿಯಲ್ಲೂ ಒಂದು ಗುಡ್ಡೆ ಇರುತ್ತೆ. ತ್ರೀಫೇಸ್ ಕರೆಂಟಿಗೆ ಮೋಟಾರ್ ಹತ್ರ ಕಾಯೋರದ್ದು ಅಂತ ನನ್ನ ಅನುಮಾನ. ಆ ಹೊತ್ತಿಗೆ ನೀವು ಎದ್ದಿರಬೇಕಿಲ್ಲ, ಕಂಪ್ಯೂಟರಿನಲ್ಲಿ ಪೋಸ್ಟ್ ಬರೆದು ಸಮಯ ನಿಗದಿ ಮಾಡಿಡಬಹುದು.

ಎಷ್ಟು ಪೋಸ್ಟ್ ಅಂದ್ರೆ, ಹದಿನೈದು ದಿನದ ಅಂತರಕ್ಕೆ ಮೂರು ಸಾಕು. ಶುಕ್ರವಾರ ವಿಡಿಯೋ ಬಂತು ಅಂದ್ಕೊಳ್ಳಿ. ಸೋಮವಾರ ಆ ವಿಡಿಯೋಗೆ ಬಂದ ಒಂದು ಒಳ್ಳೇ ಪ್ರಶ್ನೆ ತಗೊಂಡು, ಗದ್ದೆಯ ಒಂದು ಫೋಟೋ ಜೊತೆ ನಾಲ್ಕು ಸಾಲಲ್ಲಿ ಉತ್ತರ ಬರೀರಿ. ಅದರಲ್ಲಿ ವಿಡಿಯೋ ಲಿಂಕ್ ಬೇಡ, ಉತ್ತರ ಅಲ್ಲೇ ಪೂರ್ತಿ ಸಿಗಲಿ. ಯಾಕಂದ್ರೆ ನಿಮ್ಮ ಪೋಸ್ಟ್ ನಿಂತು ಓದಿದ್ರೆ ಏನೋ ಸಿಗುತ್ತೆ ಅಂತ ಜನರಿಗೆ ಅಭ್ಯಾಸ ಆಗಬೇಕು. ಬರೀ ಕೇಳ್ತಾನೇ ಇದ್ರೆ ಪೋಲ್ ಬಂದಾಗ ಬೆರಳು ಮುಂದಕ್ಕೆ ಹೋಗಿರುತ್ತೆ. ಗುರುವಾರ ರಾತ್ರಿ ಹಂತದ ಪೋಲ್. ವೋಟಿನಲ್ಲಿ ಹೆಚ್ಚು ಪಾಲು ಮೊದಲ ಒಂದೆರಡು ದಿನದಲ್ಲೇ ಬೀಳುತ್ತೆ, ಭಾನುವಾರದ ಲೆಕ್ಕ ಓದಿದ್ರೆ ಸಾಕು. ಆಮೇಲೆ ಸೋಮವಾರ ಮೂರನೇ ಪೋಸ್ಟ್: "ಹೆಚ್ಚಿನವರು ಒಂದೆರಡು ತಿಂಗಳ ಕೂಳೆ ಅಂದಿದ್ದೀರಿ. ಈ ಶುಕ್ರವಾರ ಹಳದಿ ಬಗ್ಗೆ ವಿಡಿಯೋ. ನಿಮ್ಮ ಗದ್ದೆಯಲ್ಲಿ ಯಾವ ಎಲೆಯಿಂದ ಹಳದಿ ಶುರುವಾಯ್ತು, ಬರೀರಿ." ಇದಕ್ಕೆ ಬಂದ ಉತ್ತರಗಳನ್ನ ವಿಡಿಯೋ ಒಳಗೇ ಓದಿ. ಉತ್ತರ ಬರೆದವರು ತಮ್ಮ ಮಾತು ಬಂತಾ ಅಂತ ಬಂದೇ ಬರ್ತಾರೆ.

ಸೋಮವಾರದಿಂದ ಶುಕ್ರವಾರದೊಳಗೆ ವಿಡಿಯೋ ಮುಗಿಸೋಕೆ ಆಗಲ್ಲ ಅನ್ನೋರು ಪೋಲನ್ನೇ ಹಿಂದಕ್ಕೆ ಹಾಕಿ, ಅಂದ್ರೆ ಹಿಂದಿನ ವಿಡಿಯೋ ಬಂದ ಮರುದಿನವೇ. ಆಗದ ತಾರೀಕು ಮಾತ್ರ ಬರೀಬೇಡಿ. ವೋಟು ಹಾಕಿಸ್ಕೊಂಡು ವಿಡಿಯೋ ಬರದಿದ್ರೆ ಮುಂದಿನ ಪೋಲ್‌ಗೆ ಆ ಪ್ರಮಾಣ ಇಳಿಯೋದು ಕಣ್ಣಿಗೇ ಕಾಣುತ್ತೆ.

ಮದ್ದೂರ್_ವಡೆ

ಹದಿನೈದು ದಿನಕ್ಕೆ ಮೂರೇನಾ? ದಿನಾ ಹಾಕೋ ಚಾನೆಲ್‌ಗಳು ಬೆಳೀತಿಲ್ವಾ? ಪೋಲ್‌ಗೆ ಬೀಳೋ ಇಂಪ್ರೆಷನ್ ಪುಗಸಟ್ಟೆ, ಯಾಕೆ ಬಿಡಬೇಕು?

ಒಂಟಿಕೊಪ್ಪಲ್_ಎಡಿಟರ್

ಬೆಳೀತಿವೆ, ಅವು ದಿನಾ ವಿಡಿಯೋ ಹಾಕೋ ಸುದ್ದಿ, ಕ್ರಿಕೆಟ್ ಚಾನೆಲ್‌ಗಳು. ಅವರಿಗೆ ದಿನಾ ಕೇಳೋಕೆ ವಿಷಯ ಇದೆ. ಇವರು ದಿನಾ ಕೇಳಿದ್ರೆ "ಕಾಫಿನಾ ಟೀನಾ" ಅಂತ ಕೇಳಬೇಕಾಗುತ್ತೆ. ಅಂಥ ಪೋಲ್‌ಗೆ ವೋಟು ಸಾವಿರ ಬೀಳಬಹುದು, ಆದ್ರೆ ಆ ಸಾವಿರ ಜನಕ್ಕೆ ಕಬ್ಬು ಬೇಕಿಲ್ಲ. ಪೋಸ್ಟ್ ನೋಡಿದ್ದು ವೀಕ್ಷಣಾ ಗಂಟೆಗೂ ಸೇರಲ್ಲ, 4,000 ಗಂಟೆ ತುಂಬಬೇಕು ಅನ್ನೋರು ಇದನ್ನ ಗಮನಿಸಿ.

ಮದ್ದೂರ್_ವಡೆ

ಕಾಫಿ ಟೀ ಪೋಲ್‌ನಿಂದ ಹೊಸ ಸಬ್‌ಸ್ಕ್ರೈಬರ್ ಬಂದಿದ್ದನ್ನ ನಾನು ನೋಡಿದ್ದೀನಿ, ಸುಮ್ನೆ ತಳ್ಳಿಹಾಕಬೇಡಿ.

ಒಂಟಿಕೊಪ್ಪಲ್_ಎಡಿಟರ್

ಬರ್ತಾರೆ, ಇಲ್ಲ ಅನ್ನಲ್ಲ. ಮುಂದಿನ ವಿಡಿಯೋಗೆ ಅವರು ಬರ್ತಾರಾ ಅಂತ ನೋಡಿ. ಈ ವಿಷಯದಲ್ಲಿ ನಾವಿಬ್ರೂ ಒಪ್ಪೋ ಹಾಗೆ ಕಾಣಲ್ಲ.

ರಾಗಿಮುದ್ದೆ_ಅಡುಗೆಮನೆ

ನಾನೂ ಯೂಟ್ಯೂಬಲ್ಲಿ ಒಂದು ಹಾಕಿದೆ ಈಗಷ್ಟೇ! ಆದ್ರೆ "ಹುರುಳಿಕಾಳು ಬಸ್ಸಾರು" ಬದಲು "ಹುರಳಿಕಾಯಿ" ಅಂತ ಬಿದ್ದಿದೆ. ತಿದ್ದೋದು ಹೇಗೆ?

ಒಂಟಿಕೊಪ್ಪಲ್_ಎಡಿಟರ್

ಪೋಸ್ಟ್‌ನ ಬರಹ ತಿದ್ದಬಹುದು, ಪೋಲ್ ಆಯ್ಕೆ ತಿದ್ದೋಕೆ ಆಗಲ್ಲ ಅಕ್ಕ. ವೋಟು ಕಡಿಮೆ ಇರುವಾಗಲೇ ಅಳಿಸಿ ಮತ್ತೆ ಹಾಕಿ. ಇನ್ನೊಂದು, ಪ್ರಶ್ನೆಯನ್ನ ಮೊದಲ ಸಾಲಲ್ಲೇ ಇಡಿ. "ನಮಸ್ತೆ ಪ್ರೀತಿಯ ವೀಕ್ಷಕರೇ, ಎಲ್ಲರೂ ಹೇಗಿದ್ದೀರಿ" ಅಂತ ಶುರು ಮಾಡಿದ್ರೆ ಉದ್ದ ಬರಹ ಮಡಚಿಕೊಂಡು ಪ್ರಶ್ನೆ ಒಳಗೆ ಸೇರುತ್ತೆ. ಬರೀ ಆಯ್ಕೆಗಳು ಕಾಣ್ತಾವೆ, ಯಾಕೆ ಅಂತ ಗೊತ್ತಾಗಲ್ಲ.

ಬರಹ ತಿದ್ದಬಹುದು ಅನ್ನೋದರಿಂದ ಒಂದು ಉಪಯೋಗ ಇದೆ. ಹಳೇ ಪೋಲ್ ವಾರಗಳ ಮೇಲೂ ಯಾರದ್ದೋ ಹೋಮ್ ಪುಟಕ್ಕೆ ಬರುತ್ತೆ. ವಿಡಿಯೋ ಬಂದ ಮೇಲೆ ಆ ಪೋಸ್ಟ್‌ನ ಮೊದಲ ಸಾಲಿಗೆ "ಈ ವಿಡಿಯೋ ಬಂದಿದೆ" ಅಂತ ಲಿಂಕ್ ಸೇರಿಸಿ. ತಡವಾಗಿ ವೋಟು ಹಾಕೋಕೆ ಬಂದವರು ನೇರ ವಿಡಿಯೋಗೆ ಹೋಗ್ತಾರೆ.

ಕಬ್ಬಿನಗದ್ದೆ_ಪಾಂಡವಪುರ

ಎಲ್ರಿಗೂ ಧನ್ಯವಾದ. ಹಂತದ ಪೋಲ್ ಈ ಗುರುವಾರ ಹಾಕ್ತೀನಿ. ಒಂದು ಅನುಮಾನ ಉಳಿದಿದೆ ಸರ್. ಹೋದ ಸಲ 28ಕ್ಕೂ 27ಕ್ಕೂ ಒಂದೇ ವೋಟಿನ ಅಂತರ. ಈ ಸಲವೂ ಎರಡು ಹಂತಕ್ಕೆ ಹತ್ತಿರ ಹತ್ತಿರ ಬಂದ್ರೆ?

ಒಂಟಿಕೊಪ್ಪಲ್_ಎಡಿಟರ್

ಅಷ್ಟು ಕಡಿಮೆ ವೋಟಿನಲ್ಲಿ ಒಂದೆರಡರ ಅಂತರಕ್ಕೆ ಬೆಲೆ ಇಲ್ಲ, ನಾಳೆ ಇನ್ನಿಬ್ಬರು ಒತ್ತಿದ್ರೆ ತಿರುಗುತ್ತೆ. 15 ಮತ್ತು 13 ಬಂದ್ರೆ ಎರಡೂ ಸಮ ಅಂತಲೇ ತಿಳೀರಿ. ಹೋದ ಸಲ ನಾನು ಕೂಳೆ ಕಡೆ ವಾಲಿದ್ದು ಆ ಒಂದು ವೋಟಿಗಲ್ಲ, ಆರು ಕಾಮೆಂಟಿಗೆ. ಈ ಸಲವೂ ಮೊದಲು ಕಾಮೆಂಟ್ ನೋಡಿ. ಅಲ್ಲೂ ಸಮ ಇದ್ರೆ ನಿಮ್ಮ ಹಳೇ ವಿಡಿಯೋಗಳಿಗೆ ಜನ ಯೂಟ್ಯೂಬ್‌ನಲ್ಲಿ ಏನು ಹುಡುಕಿ ಬಂದ್ರು ಅಂತ Traffic source ಒಳಗೆ YouTube search ತೆರೆದು ನೋಡಿ. ಎರಡರಲ್ಲಿ ಯಾವುದರ ಮಾತು ಅಲ್ಲಿದೆಯೋ ಅದು ಮೊದಲು, ಇನ್ನೊಂದು ಅದರ ಹಿಂದೆ.

ಪರೀಕ್ಷೆ ಮಾಡೋದು ವಿಡಿಯೋ ಬಂದ ಮೇಲೆ. ವ್ಯೂಸ್ ಒಂದನ್ನೇ ನೋಡಬೇಡಿ, ಎರಡನೇ ನಿಮಿಷದಲ್ಲಿ ಎಷ್ಟು ಜನ ಉಳಿದಿದ್ದಾರೆ ಅಂತ ನೋಡಿ. 100 ಟನ್ ವಿಡಿಯೋದಲ್ಲಿ ಅರ್ಧ ಉಳಿದಿದ್ರು. ಇದರಲ್ಲಿ ಅದಕ್ಕಿಂತ ಹೆಚ್ಚು ಉಳಿದ್ರೆ ಪ್ರಶ್ನೆ ಸರಿ ಬಿದ್ದಿದೆ, ವ್ಯೂಸ್ 700 ಇದ್ರೂ ಚಿಂತೆ ಬೇಡ.

ಮಳವಳ್ಳಿ_ಮಳೆಬೆಳೆ

ಹಂತದ ಪೋಲ್‌ನಲ್ಲಿ "ಹೊಸ ನಾಟಿ" ಅನ್ನೋದಕ್ಕೆ ತಳಿ ಹೆಸರನ್ನೂ ಸೇರಿಸಿ ಸ್ವಾಮಿ. Co 86032 ಹಾಕಿದೋರು, VCF 0517 ಹಾಕಿದೋರು ಬೇರೆ ಬೇರೆ ಪ್ರಶ್ನೆ ಕೇಳ್ತಾರೆ.

ಒಂಟಿಕೊಪ್ಪಲ್_ಎಡಿಟರ್

ಒಳ್ಳೇ ಪ್ರಶ್ನೆ, ಆದ್ರೆ ಇದೇ ಪೋಲ್‌ಗೆ ಬೇಡ. ಹಂತ ಮತ್ತು ತಳಿ ಎರಡನ್ನೂ ಒಂದೇ ಸಾಲಲ್ಲಿ ಕೇಳಿದ್ರೆ ಮತ್ತೆ ವೋಟು ಒಡೆಯುತ್ತೆ. ತಳಿಯನ್ನ ಮುಂದಿನ ಹದಿನೈದು ದಿನದ ಪೋಲ್‌ಗೆ ಇಟ್ಕೊಳ್ಳಿ.

ಕಬ್ಬಿನಗದ್ದೆ_ಪಾಂಡವಪುರ

ಸರಿ ಸರ್, ಬರ್ಕೊಂಡಿದ್ದೀನಿ. ಭಾನುವಾರ ಫಲಿತಾಂಶದ ಸ್ಕ್ರೀನ್‌ಶಾಟ್ ಇಲ್ಲೇ ಹಾಕ್ತೀನಿ, ಇಂಪ್ರೆಷನ್ ಸಮೇತ.